ಇಎಂಡಿ ಕಟ್ಟುವ ಮುಂಚೆ: ಅವಲಾಂಚ್, ಎಮರಾಲ್ಡ್ ಸುತ್ತಿನ ಸಣ್ಣ ಕಂಟ್ರಾಕ್ಟರುಗಳಿಗೆ

2019ರ ಆಗಸ್ಟ್‌ನಲ್ಲಿ ಅವಲಾಂಚ್‌ನಲ್ಲಿ ಒಂದೇ ದಿನ 80 ಸೆಂ.ಮೀ. ಮೀರಿ ಮಳೆ ಸುರಿಯಿತು. ಗುಡ್ಡ ಕುಸಿಯುವ ಇಂಥ ಜಾಗದಲ್ಲಿ ತಡೆಗೋಡೆ, ಮೋರಿ, ರಸ್ತೆ ಕೆಲಸ ಸದಾ ಇದ್ದೇ ಇರುತ್ತದೆ. ನಕಲಿ ಟೆಂಡರ್ ಪತ್ರವನ್ನು ಜನ ಸುಲಭವಾಗಿ ನಂಬುವುದು ಅದಕ್ಕೇ.

ಹೀಗೊಂದು ಪತ್ರ ವಾಟ್ಸಾಪ್‌ನಲ್ಲಿ ಬಂತು ಎಂದುಕೊಳ್ಳಿ: ಅಣೆಕಟ್ಟಿನ ರಸ್ತೆಗೆ ತಡೆಗೋಡೆ, ಅಂದಾಜು 18 ಲಕ್ಷ, ಇಎಂಡಿ 36,000, ನಾಳೆ ಸಂಜೆ ಐದರೊಳಗೆ ಕಟ್ಟಬೇಕು. ಮೊಹರು, ಸಹಿ ಎಲ್ಲವೂ ಇವೆ.

ಮಾಡಬೇಕಾದ್ದು

ಮೊದಲು ಲೆಕ್ಕ ಹಾಕಿ. ತಮಿಳುನಾಡಿನ ಟೆಂಡರ್ ನಿಯಮದಲ್ಲಿ ಇಎಂಡಿ ಕೆಲಸದ ಮೌಲ್ಯದ ಶೇ. 1 ಮೀರುವಂತಿಲ್ಲ. 18 ಲಕ್ಷಕ್ಕೆ 18,000ಕ್ಕಿಂತ ಹೆಚ್ಚು ಕೇಳಿದರೆ ಅಲ್ಲೇ ನಿಲ್ಲಿಸಿ. ಕೇಂದ್ರ ಸರ್ಕಾರದ ಟೆಂಡರಿಗೆ ಶೇ. 2ರಿಂದ 5ರವರೆಗೆ ಇರಬಹುದು, ಆದ್ದರಿಂದ ಕೆಲಸ ಯಾರದೆಂದು ನೋಡಿಕೊಳ್ಳಿ. ಎರಡು ಕೋಟಿವರೆಗಿನ ಕೆಲಸಕ್ಕೆ ರಾಜ್ಯದಲ್ಲಿ ಕನಿಷ್ಠ 15 ದಿನದ ಗಡುವು ಕೊಡಬೇಕು. ಕಡಿಮೆ ಮಾಡಿದರೆ ಮೇಲಧಿಕಾರಿಯ ಲಿಖಿತ ಕಾರಣ ಬೇಕು. "ನಾಳೆ ಸಂಜೆ" ಎಂಬ ಮಾತೇ ಅನುಮಾನ ಹುಟ್ಟಿಸಬೇಕು.

tntenders.gov.in ತೆರೆದು ಟೆಂಡರ್ ಐಡಿ ಹುಡುಕಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಪತ್ರದಲ್ಲಿರುವ ಲಿಂಕ್ ಒತ್ತಬೇಡಿ. ಅಲ್ಲಿ ಸಿಗದಿದ್ದರೆ ಪತ್ರ ಹಿಡಿದುಕೊಂಡು ಅದರಲ್ಲಿ ಹೆಸರಿಸಿದ ಕಚೇರಿಗೇ ಹೋಗಿ ಕೇಳಿ. ಊಟಿಗೆ ಒಂದು ದಿನ ಹೋಗಿಬರುವ ಖರ್ಚು ಕಳೆದುಕೊಳ್ಳುವ ಹಣಕ್ಕಿಂತ ಬಹಳ ಕಡಿಮೆ.

ಬ್ಯಾಂಕಿನಲ್ಲಿ ಕಟ್ಟಿಸುವುದಾದರೆ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಸಿ. ನೆಫ್ಟ್, ಆರ್‌ಟಿಜಿಎಸ್‌ಗೆ ಈ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್‌ನೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ಮಾಡಬಾರದ್ದು

ವ್ಯಕ್ತಿಯ ಹೆಸರಿನ ಖಾತೆಗೋ ಯುಪಿಐಗೋ ಇಎಂಡಿ ಹಾಕಬೇಡಿ. ಅಧಿಕಾರಿಯೇ ಫೋನ್ ಮಾಡಿದರೂ ಹಾಕಬೇಡಿ.

"ಸಪ್ಲೈಯರ್ ಪ್ಯಾನಲಿಗೆ ಸೇರಿಸುತ್ತೇವೆ, ಇಎಂಡಿ ಕಟ್ಟಿ" ಎಂದರೆ ನಂಬಬೇಡಿ. ಇಎಂಡಿ ಎಂದರೆ ಟೆಂಡರ್ ಹಾಕಿದವನು ನಡುವೆ ಹಿಂದೆ ಸರಿಯದಿರಲಿ ಎಂಬ ಠೇವಣಿ. ಟೆಂಡರೇ ಹಾಕಿಲ್ಲದವನ ಹತ್ತಿರ ಅದನ್ನು ಕೇಳಲು ಕಾರಣವೇ ಇಲ್ಲ. ನಿಜವಾದ ನೋಂದಣಿಗೆ ನೀವೇ ಅರ್ಜಿ ಹಾಕಿ, ದಾಖಲೆ ತೋರಿಸಬೇಕಾಗುತ್ತದೆ. ಯಾರೂ ಫೋನಿನಲ್ಲಿ ಕರೆದು ಜಾಗ ಕೊಡುವುದಿಲ್ಲ.

ಒಮ್ಮೆ ಕಟ್ಟಿದ ಮೇಲೆ "ಜಿಎಸ್‌ಟಿ ಬಾಕಿ, ಅಗ್ರಿಮೆಂಟ್ ಶುಲ್ಕ ಕೊಟ್ಟರೆ ವರ್ಕ್ ಆರ್ಡರ್" ಎಂದರೆ ಮತ್ತೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೋದ ಹಣವನ್ನು ವಾಪಸ್ ತರಬೇಕೆಂಬ ಆಸೆಯನ್ನೇ ಅವರು ಬಳಸಿಕೊಳ್ಳುತ್ತಾರೆ.

ಹಣ ಹೋಗಿದ್ದರೆ

ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವ ಮುಂಚೆ ತಡೆಯುವುದು ಸುಲಭ. ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಚಿಕೆಯಾಗಿ ವಾಟ್ಸಾಪ್ ಮಾತುಕತೆ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ. ದೂರನ್ನು cybercrime.gov.in ನಲ್ಲಿಯೂ ದಾಖಲಿಸಬಹುದು.