ಕ್ರಿಯಾಪದದ ತುದಿಯಲ್ಲಿ

ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಬೆಂಗಳೂರಿನ ಸಂಜೆಯ ತರಗತಿಗಳಲ್ಲಿ ಬಹುಕಾಲ ಅವರ ಅಭ್ಯಾಸ ಪುಸ್ತಕಗಳನ್ನು ತಿದ್ದುತ್ತ ಬಂದ ನನಗೆ ಕ್ರಮೇಣ ಮನದಟ್ಟಾದ ಸಂಗತಿಯೊಂದುಂಟು: ಪುಸ್ತಕದ ಮೇಲಿನ ಹೆಸರನ್ನು ನೋಡದೆಯೇ, ಕ್ರಿಯಾಪದಗಳ ತುದಿಯನ್ನು ಮಾತ್ರ ನೋಡುತ್ತ ಹೋದರೂ, ಬರೆದವರ ಮನೆಮಾತು ಯಾವುದೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ವಿಭಕ್ತಿಯಲ್ಲಿ ಎಲ್ಲರೂ ಎಡವುತ್ತಾರೆ, ಕಾಗುಣಿತದಲ್ಲಿಯೂ ಎಲ್ಲರೂ ಎಡವುತ್ತಾರೆ; ಆದರೆ ಲಿಂಗ, ವಚನ, ಗೌರವ ಎಂಬ ಮೂರನ್ನೂ ಒಂದೇ ಪ್ರತ್ಯಯದಲ್ಲಿ ಹೊತ್ತುಕೊಂಡಿರುವ ನಮ್ಮ ಆಖ್ಯಾತದಲ್ಲಿ ಒಬ್ಬೊಬ್ಬರು ಎಡವುವ ಸ್ಥಳ ಬೇರೆ ಬೇರೆ.

ತೆಲುಗರನ್ನೇ ನೋಡಿ. ಅವರ ಭಾಷೆ ನಮ್ಮದಕ್ಕೆ ಬಹಳ ಸಮೀಪವಾದುದರಿಂದ ಅವರು ತಪ್ಪುವುದು ಅಪರೂಪ. ಆದರೆ ತಪ್ಪಿದರೆ ಸ್ತ್ರೀಲಿಂಗದ ಏಕವಚನದಲ್ಲಿಯೇ ತಪ್ಪುವರು. ಬಂದವಳು ಹೆಣ್ಣಾಗಲಿ, ಬಂದದ್ದು ಬಂಡಿಯಾಗಲಿ, ತೆಲುಗಿನಲ್ಲಿ ಎರಡಕ್ಕೂ ‘ವಚ್ಚಿಂದಿ’ ಎಂಬ ಒಂದೇ ರೂಪ. ಆದಕಾರಣ ‘ತಂಗಿ ಬಂದಿತು’ ಎಂದು ಬರೆಯುವಾಗ ಅವರಿಗೆ ಏನೂ ಕೊರತೆ ತೋರದು. ಬಂಗಾಳಿಯ ಕ್ರಿಯಾಪದದಲ್ಲಿ ಗೌರವದ ಭೇದವುಂಟು, ಲಿಂಗದ ಭೇದವಿಲ್ಲ. ಬಂಗಾಳಿಗಳು ‘ಗುರುಗಳು ಬಂದರು’ ಎಂಬುದನ್ನು ಮೊದಲ ವಾರದಲ್ಲೇ ಹಿಡಿದು, ‘ಅವಳು ಬಂದನು’ ಎಂಬಲ್ಲಿ ತಿಂಗಳುಗಟ್ಟಲೆ ನಿಲ್ಲುವರು. ಹಿಂದಿಯವರಿಗೆ ಜಡವಸ್ತುಗಳಿಗೂ ಲಿಂಗವುಂಟಾದುದರಿಂದ ‘ಗಾಡಿ ಬಂದಳು’ ಎಂಬ ವಾಕ್ಯವನ್ನು ನಾನು ತಿದ್ದಿದ್ದೇನೆ. ಎಲ್ಲರಿಗಿಂತಲೂ ಭಾರ ಹೆಚ್ಚು ಮಲಯಾಳಿಗಳಿಗೆ. ಅವನು, ಅವಳು, ಅವರು, ಅದು, ಅವು, ಇವರಲ್ಲಿ ಯಾರು ಬಂದರೂ ಅವರ ಭಾಷೆಯಲ್ಲಿ ‘ವನ್ನು’ ಒಂದೇ. ಪದಸಂಪತ್ತಿನಲ್ಲಿ ನಮಗೆ ನೆಂಟರಾದ ಅವರು ಈ ಒಂದು ವಿಷಯದಲ್ಲಿ ದೂರದೇಶದವರಂತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಕೇರಳದಿಂದ ಬಂದ ಶುಶ್ರೂಷಕಿಯೊಬ್ಬರು, ರೋಗಿಗಳೊಡನೆ ಮಾತನಾಡಬೇಕೆಂಬ ಹಂಬಲದಿಂದ ಕಲಿಯುತ್ತಿದ್ದವರು, ತಮ್ಮ ಅಜ್ಜಿಯನ್ನು ಕುರಿತು ಬರೆದ ಸಾಲುಗಳು ಹೀಗಿದ್ದುವು: ‘ನನ್ನ ಅಜ್ಜಿ ಹಳ್ಳಿಯಲ್ಲಿ ಇದೆ. ಅವರಿಗೆ ಮೂರು ಮಕ್ಕಳು ಇದೆ. ಬೆಳಿಗ್ಗೆ ಅಜ್ಜಿ ಹಸುಗಳನ್ನು ಬಿಟ್ಟಳು. ಸಂಜೆ ಹಸುಗಳು ಬಂದರು. ಅಜ್ಜಿಗೆ ಸಂತೋಷ ಆದರು. ಆ ದಿನ ಅವರು ಊಟ ಮಾಡಲಿಲ್ಲ.’

ಇವನ್ನೆಲ್ಲ ಒಂದೇ ಜಾತಿಯ ತಪ್ಪುಗಳೆಂದು ಕೆಂಪು ಗೆರೆ ಎಳೆದುಬಿಟ್ಟರೆ ಬರೆದವರಿಗೆ ಏನೂ ಉಪಕಾರವಾಗದು. ಮೊದಲನೆಯ ಎರಡು ವಾಕ್ಯಗಳಲ್ಲಿ ಅವರು ತಮ್ಮ ಭಾಷೆಯ ಅಭ್ಯಾಸದಂತೆ ಎಲ್ಲಕ್ಕೂ ಒಂದೇ ರೂಪವನ್ನು ಹಚ್ಚಿದ್ದಾರೆ; ಅಜ್ಜಿ ‘ಇದ್ದಾರೆ’ ಆಗಬೇಕು, ಮಕ್ಕಳು ‘ಇದ್ದಾರೆ’ ಆಗಬೇಕು, ಜೊತೆಗೆ ಮನುಷ್ಯರನ್ನು ಎಣಿಸುವಾಗ ‘ಮೂರು’ ಎಂಬುದು ‘ಮೂವರು’ ಆಗಬೇಕು. ನಾಲ್ಕನೆಯ ವಾಕ್ಯದ ತಪ್ಪು ಅಜ್ಞಾನದ್ದಲ್ಲ, ಅರ್ಧಜ್ಞಾನದ್ದು: ‘ರು’ ಎಂದರೆ ಬಹುವಚನ ಎಂಬುದನ್ನು ಅವರು ಕಲಿತಿದ್ದಾರೆ, ಆದರೆ ಕನ್ನಡದ ಬಹುವಚನವು ಗಂಡುಹೆಣ್ಣುಗಳ ಭೇದವನ್ನು ತೊರೆದು ಮನುಷ್ಯರು ಮತ್ತು ಮನುಷ್ಯೇತರರು ಎಂಬ ಭೇದವನ್ನು ಮಾತ್ರ ಉಳಿಸಿಕೊಳ್ಳುವುದೆಂಬುದನ್ನು ಇನ್ನೂ ಕಲಿತಿಲ್ಲ; ಹಸುಗಳು ಬಂದುವು, ಹುಡುಗಿಯರು ಬಂದರು. ಐದನೆಯದು ಇನ್ನೂ ಸ್ವಾರಸ್ಯವಾದುದು. ಅಜ್ಜಿಗೆ ಗೌರವ ಸಲ್ಲಬೇಕೆಂಬ ಎಚ್ಚರದಿಂದಲೇ ಅವರು ‘ಆದರು’ ಎಂದರು. ಆದರೆ ಚತುರ್ಥಿಯಲ್ಲಿರುವ ಅಜ್ಜಿ ಆ ವಾಕ್ಯದ ಕರ್ತೃವಲ್ಲ, ಕರ್ತೃ ಸಂತೋಷವೇ, ಆದುದರಿಂದ ‘ಸಂತೋಷವಾಯಿತು’. ‘ಅವರಿಗೆ ಜ್ವರ ಬಂದಿದ್ದಾರೆ’ ಎಂದು ಬರೆಯುವವರ ತೊಡಕೂ ಇದೇ.

ಇನ್ನು ಕೊನೆಯ ವಾಕ್ಯ. ಅದು ಸರಿಯಾಗಿದೆ, ಸರಿಯಾಗಿರುವುದರಿಂದಲೇ ಅಧ್ಯಾಪಕನನ್ನು ವಂಚಿಸುತ್ತದೆ. ಹಳೆಯ ನಿಷೇಧರೂಪಗಳಲ್ಲಿ ‘ಬಾರನು, ಬಾರಳು, ಬಾರರು’ ಎಂದು ಲಿಂಗವಚನಗಳು ತೋರುತ್ತಿದ್ದುವು. ಇಂದಿನ ‘ಇಲ್ಲ’ ಎಂಬುದಕ್ಕೆ ಅವು ಯಾವುವೂ ಇಲ್ಲ. ‘ಬೇಕು, ಬೇಡ, ಬಹುದು, ಬಾರದು, ಬರಲಿ’ ಇವೂ ಹಾಗೆಯೇ. ಸಂಭಾಷಣೆಯ ಕೈಪಿಡಿಗಳು ‘ಬೇಕು, ಬೇಡ, ಗೊತ್ತಿಲ್ಲ’ಗಳಿಂದ ಪ್ರಾರಂಭವಾಗುವುದರಿಂದ, ಜಾಣರಾದ ಕೆಲವರು ಆರು ತಿಂಗಳು ಇವುಗಳ ಆಶ್ರಯದಲ್ಲೇ ನಿರ್ದೋಷವಾಗಿ ಬರೆದು, ಒಂದು ದಿನ ‘ನಿನ್ನೆ ಏನಾಯಿತು?’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾದಾಗ ತಟ್ಟನೆ ಕುಸಿಯುವರು. ಕಲಿತವರ ಹಿಡಿತವನ್ನು ಪರೀಕ್ಷಿಸಬೇಕಾದರೆ ಭೂತಕಾಲದ, ವಿಧ್ಯರ್ಥವಲ್ಲದ, ನಿಷೇಧವಲ್ಲದ ವಾಕ್ಯಗಳನ್ನೇ ಬರೆಯಿಸಬೇಕೆಂಬುದು ಅಂದಿನಿಂದ ನನ್ನ ನಿಯಮವಾಯಿತು.

ಮೂರನೆಯ ವಾಕ್ಯವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ‘ಅಜ್ಜಿ ಹಸುಗಳನ್ನು ಬಿಟ್ಟಳು’ ಎಂಬುದು ತನ್ನಷ್ಟಕ್ಕೆ ನಿರ್ದುಷ್ಟವಾದ ಕನ್ನಡ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಬರುತ್ತಾರೆ, ಅಮ್ಮ ಬರುತ್ತಾಳೆ. ದೋಷವಿರುವುದು ಹಿಂದಿನ ವಾಕ್ಯದಲ್ಲಿ ‘ಅವರಿಗೆ’ ಎಂದು ಕರೆದ ಅಜ್ಜಿಯನ್ನು ಇಲ್ಲಿ ‘ಬಿಟ್ಟಳು’ ಎಂದು ಇಳಿಸಿ, ಮುಂದೆ ಮತ್ತೆ ‘ಅವರು’ ಎಂದು ಏರಿಸಿದುದರಲ್ಲಿ. ಗೌರವವೆಂಬುದು ಒಂದು ವಾಕ್ಯದ ವ್ಯಾಕರಣವಲ್ಲ, ಇಡೀ ಬರೆಹದ ವ್ಯಾಕರಣ. ಒಬ್ಬ ವ್ಯಕ್ತಿಗೆ ಒಂದು ಮಟ್ಟವನ್ನು ಆರಿಸಿಕೊಂಡರೆ ಕೊನೆಯವರೆಗೆ ಅದನ್ನೇ ಉಳಿಸಬೇಕು.

ಆ ಮಟ್ಟವನ್ನು ಆರಿಸುವುದಾದರೂ ಹೇಗೆ? ಇಲ್ಲಿ ಸೂತ್ರಗಳು ಬಹುದೂರ ಬರಲಾರವು. ಬೇಂದ್ರೆಯವರು ಕಾವ್ಯವನ್ನು ಬರೆದರು, ಆದರೆ ಪಂಪನು ಕಾವ್ಯವನ್ನು ಬರೆದನು. ಇದರಿಂದ ಆದಿಕವಿಗೆ ಅಗೌರವವಾಯಿತೆಂದು ಯಾವ ಕನ್ನಡಿಗನೂ ತಿಳಿಯನು, ಸಾವಿರ ವರ್ಷದ ದೂರವೂ ಕಾವ್ಯದ ಸಲುಗೆಯೂ ಸೇರಿ ಆತನನ್ನು ಏಕವಚನಕ್ಕೆ ಒಪ್ಪಿಸಿವೆ. ‘ದೇವರು’ ಎಂಬ ಶಬ್ದ ರೂಪದಲ್ಲಿ ಬಹುವಚನ. ಆದರೂ ‘ದೇವರು ಇದ್ದಾನೆ’ ಎನ್ನುತ್ತೇವೆ, ‘ದೇವರು ದೊಡ್ಡವನು’ ಎನ್ನುತ್ತೇವೆ. ‘ಮಗು’ವನ್ನು ನಮ್ಮ ವ್ಯಾಕರಣಗಳು ನಿತ್ಯನಪುಂಸಕವೆಂದು ಕರೆಯುವುವು, ಮಗು ಅಳುತ್ತದೆ, ಅದೇ ಮಗುವಿಗೆ ಜೊತೆ ಸಿಕ್ಕ ಕೂಡಲೆ ಮಕ್ಕಳು ಅಳುತ್ತಾರೆ. ಇದಕ್ಕೆ ವಿರುದ್ಧವಾಗಿ, ಯಾರ ಮನಸ್ಸೂ ನೋಯಬಾರದೆಂದು ‘ರು’ವನ್ನು ಎಲ್ಲೆಲ್ಲಿಯೂ ಎರಚುವ ಸಜ್ಜನರೂ ಉಂಟು: ‘ಕಳ್ಳ ನನ್ನ ಚೀಲವನ್ನು ಕಿತ್ತುಕೊಂಡು ಓಡಿಹೋದರು’ ಎಂದು ಒಬ್ಬರು ಬರೆದಿದ್ದರು. ಅದನ್ನು ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ಆದರೂ ಆ ಸಜ್ಜನರ ದಾರಿಯೇ ಹೊಸಬರಿಗೆ ಕ್ಷೇಮವೆಂದು ನನ್ನ ಅಭಿಪ್ರಾಯ. ನಮ್ಮ ಪಾಠಪುಸ್ತಕಗಳು ‘ಅವನು ಬಂದನು, ಅವಳು ಬಂದಳು’ ಎಂಬ ಸಾಲಿನಿಂದ ಮೊದಲಾಗುವುವು. ನಾನು ಆ ಕ್ರಮವನ್ನು ತಿರುಗಿಸಿದೆ. ಮೊದಲು ಮನುಷ್ಯರಿಗೆಲ್ಲ ‘ರು’, ಉಳಿದುದಕ್ಕೆಲ್ಲ ‘ತು’ ಅಥವಾ ‘ದೆ’. ಇವೆರಡೇ ರೂಪಗಳಿಂದ ಒಬ್ಬರನ್ನೂ ಹಲವರನ್ನೂ, ಗಂಡನ್ನೂ ಹೆಣ್ಣನ್ನೂ ಕುರಿತು ಮರ್ಯಾದೆಯಿಂದ ಮಾತನಾಡಬಹುದು. ಅನಂತರ ‘ಹಸುಗಳು ಬಂದುವು’ ಎಂಬ ರೂಪ. ಅದಾದ ಮೇಲೆಯೇ, ಸಲುಗೆಯ ಭಾಷೆಯೆಂದು ತಿಳಿಸಿ, ‘ನು’ ಮತ್ತು ‘ಳು’. ಈ ಕ್ರಮಕ್ಕೆ ಒಂದು ಮಿತಿಯೂ ಉಂಟು: ‘ಅವರು ಬಂದರು’ ಎಂದಾಗ ಬಂದವರು ಒಬ್ಬರೋ ಹಲವರೋ ತಿಳಿಯದಾದುದರಿಂದ, ‘ಅವರೊಬ್ಬರೇ, ಅವರಿಬ್ಬರೂ, ಅವರೆಲ್ಲರೂ’ ಎಂಬ ಮಾತುಗಳನ್ನು ಒಡನೆಯೇ ಕಲಿಸಬೇಕಾಗುತ್ತದೆ.

ಕನ್ನಡ ಮನೆಮಾತಾಗಿರುವ ಓದುಗರಲ್ಲಿ ಒಂದು ಬಿನ್ನಹ. ನೆರೆಯವರೊಬ್ಬರು ‘ನಮ್ಮ ಅಜ್ಜಿ ಬಂತು’ ಎಂದಾಗ ನಗಬೇಡಿ, ಇಂಗ್ಲಿಷಿಗೂ ಹೊರಳಬೇಡಿ, ವ್ಯಾಕರಣವನ್ನೂ ಹೇಳಬೇಡಿ. ‘ಓ, ಅಜ್ಜಿ ಬಂದರೋ? ಯಾವಾಗ ಬಂದರು?’ ಎಂದು ಆ ಕ್ರಿಯಾಪದವನ್ನೇ ಸರಿಯಾದ ರೂಪದಲ್ಲಿ ಎರಡು ಬಾರಿ ಅವರ ಕಿವಿಗೆ ಬೀಳುವಂತೆ ಕೇಳಿ, ಮಾತನ್ನು ಮುಂದುವರಿಸಿ.