ತುಂಬಿದ ಫ್ರಿಜ್ಜೂ ಬರಿದಾದ ಫ್ರಿಜ್ಜೂ

ಫ್ರಿಜ್ಜನ್ನು ತುರುಕಿ ತುಂಬಿದರೆ ಕರೆಂಟು ಹೆಚ್ಚು ಎಳೆಯುತ್ತದೆಂಬುದು ನಮ್ಮ ಮನೆಯಾಕೆಯ ಪಕ್ಷ. ಬರಿದಾಗಿ ಬಿಟ್ಟರೆ ಅದಕ್ಕಿಂತಲೂ ಹೆಚ್ಚು ಎಳೆಯುತ್ತದೆಂಬುದು ಅವಳ ಅಣ್ಣನ ಪಕ್ಷ. ಮನೆ ತುಂಬ ಜನವಿದ್ದ ವರ್ಷಗಳನ್ನೂ, ಮಕ್ಕಳು ಉದ್ಯೋಗನಿಮಿತ್ತ ಊರು ಬಿಟ್ಟು ನಾವಿಬ್ಬರೇ ಉಳಿದ ಈಚಿನ ವರ್ಷಗಳನ್ನೂ ಎರಡು ಬಾಗಿಲಿನ, ಸುಮಾರು 250 ಲೀಟರಿನ ಒಂದೇ ಫ್ರಿಜ್ಜಿನೊಡನೆ ಕಳೆದಿರುವುದರಿಂದ, ಈ ಎರಡು ಪಕ್ಷಗಳನ್ನೂ ಪರೀಕ್ಷಿಸಿ ನೋಡುವ ಅವಕಾಶವು ನನಗೆ ಬೇಡವೆಂದರೂ ಒದಗಿಬಂದಿತು.

ತುಂಬಿದ ಫ್ರಿಜ್ಜಿನ ಪಾಠವನ್ನು ಕಲಿಸಿದ್ದು ಗೌರಿ ಗಣೇಶ ಹಬ್ಬ. ಹಿಂದಿನ ದಿನವೇ ರುಬ್ಬಿದ ಇಡ್ಲಿಹಿಟ್ಟಿನ ಪಾತ್ರೆ, ತುರಿದ ಕಾಯಿ, ಬಾಳೆಯೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆಗಳು, ಹೂರಣದ ಡಬ್ಬಿ, ಇವುಗಳ ನಡುವಣ ಸಂದುಗಳಲ್ಲೆಲ್ಲ ಕೊತ್ತಂಬರಿ ಕರಿಬೇವಿನ ಕಟ್ಟುಗಳು, ಇಷ್ಟೂ ಸೇರಿ ಬಾಗಿಲು ಒತ್ತಿ ಮುಚ್ಚಬೇಕಾದ ಸ್ಥಿತಿಯಾಗಿತ್ತು. ಮರುದಿನ ಬೆಳಗ್ಗೆ ನೋಡಿದರೆ, ಮೇಲಿನ ಅಂತಸ್ತಿನ ಹಿಂಬದಿಗೆ ಒತ್ತಿಕೊಂಡಿದ್ದ ಕೊತ್ತಂಬರಿಯು ಮಂಜುಗಟ್ಟಿ ಗಾಜಿನ ಚೂರಿನಂತೆ ಮುರಿಯುತ್ತಿತ್ತು. ಅದೇ ಫ್ರಿಜ್ಜಿನ ಬಾಗಿಲಲ್ಲಿದ್ದ ಹಾಲು ಮಾತ್ರ ಕಾಯಿಸಲು ಇಟ್ಟೊಡನೆ ಒಡೆಯಿತು. ಒಂದೇ ಪೆಟ್ಟಿಗೆಯೊಳಗೆ, ಒಂದೇ ರಾತ್ರಿಯಲ್ಲಿ, ಒಂದು ಪದಾರ್ಥವು ಹೆಪ್ಪುಗಟ್ಟುವುದೂ ಇನ್ನೊಂದು ಬೆಚ್ಚಗಾಗಿ ಕೆಡುವುದೂ ಹೇಗೆ ಸಾಧ್ಯವಾಯಿತೆಂದು ವಿಚಾರಿಸಿದಾಗಲೇ ನಾನು ಆ ಯಂತ್ರದೊಳಗಿನ ಗಾಳಿಯ ಸಂಚಾರವನ್ನು ಗಮನವಿಟ್ಟು ನೋಡಿದ್ದು.

ನಮ್ಮದು ತಾನಾಗಿಯೇ ಹಿಮ ಕರಗಿಸಿಕೊಳ್ಳುವ ಬಗೆಯದು. ಈ ಬಗೆಯ ಸಾಮಾನ್ಯ ಫ್ರಿಜ್ಜುಗಳಲ್ಲಿ ಶೈತ್ಯವನ್ನು ಉತ್ಪಾದಿಸುವ ಸುರುಳಿಯು ಫ್ರೀಜರಿನ ಹಿಂಬದಿಯ ಹಲಗೆಯ ಮರೆಯಲ್ಲಿರುತ್ತದೆ; ಪುಟ್ಟದೊಂದು ಫ್ಯಾನು ಅದರ ಮೇಲೆ ಹಾಯ್ದ ತಣ್ಣನೆಯ ಗಾಳಿಯಲ್ಲಿ ಬಹುಪಾಲನ್ನು ಫ್ರೀಜರಿಗೂ, ಸ್ವಲ್ಪ ಭಾಗವನ್ನು ಹಿಂಬದಿಯ ಕಿಂಡಿಗಳ ಮೂಲಕ ಕೆಳಗಿನ ಅರೆಗೂ ಕಳುಹಿಸುತ್ತದೆ; ಆ ಗಾಳಿಯು ಪದಾರ್ಥಗಳ ನಡುವೆ ಸುಳಿದು, ಅವುಗಳ ಬಿಸಿಯನ್ನು ಹೊತ್ತು, ಬೇರೊಂದು ಕಿಂಡಿಯ ಮೂಲಕ ಸುರುಳಿಯ ಬಳಿಗೆ ಮರಳುತ್ತದೆ. ಕಿಂಡಿಯಿಂದ ಹೊರಡುವಾಗ ಆ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿರುವುದೇ ಹೆಚ್ಚು. ಅದು ಅರೆಯ ತುಂಬ ಹರಡಿಕೊಂಡರೆ ಎಲ್ಲವೂ 4 ಡಿಗ್ರಿಯ ಆಸುಪಾಸಿಗೆ ಬರುತ್ತವೆ. ಕಿಂಡಿಯ ಬಾಯಿಗೇ ಕೊತ್ತಂಬರಿ ಕಟ್ಟನ್ನು ಒತ್ತಿದರೆ ಆ ಕಟ್ಟು ಅಷ್ಟೂ ಶೈತ್ಯವನ್ನು ಒಂಟಿಯಾಗಿ ಉಂಡು ಹೆಪ್ಪುಗಟ್ಟುತ್ತದೆ, ಗಾಳಿಯ ದಾರಿಯ ತುದಿಯಲ್ಲಿರುವ ಬಾಗಿಲಿನ ಹಾಲಿಗೆ ಏನೂ ಉಳಿಯುವುದಿಲ್ಲ.

ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವಂತೆ ನಮ್ಮ ಮನೆಯಲ್ಲೂ ಗುಂಡಿಯನ್ನು ಹೆಚ್ಚಿನ ಅಂಕಿಗೆ ತಿರುಗಿಸಿದರು. ಅದರಿಂದ ಕಂಪ್ರೆಸರು ನಿಲ್ಲದೆ ಓಡಿ, ಎರಡು ಪಕ್ಕದ ತಗಡುಗಳೂ ಕೈಯಿಡಲಾರದಷ್ಟು ಬಿಸಿಯಾಗಿ, ಮೇಲಿನ ಅಂತಸ್ತಿನಲ್ಲಿ ಇನ್ನಷ್ಟು ಮಂಜು ಕಟ್ಟಿತೇ ಹೊರತು ಬಾಗಿಲಿನ ಹಾಲಿಗೆ ಪ್ರಯೋಜನವಾಗಲಿಲ್ಲ. ಕಾರಣ ಸರಳವಾದುದು. ಅರೆಯೊಳಗಿನ ಉಷ್ಣತೆಯನ್ನು ಅಳೆಯುವ ಸಂವೇದಕಕ್ಕೆ ತಣ್ಣನೆಯ ಗಾಳಿ ತಲುಪದಿದ್ದರೆ, ಒಳಗೆ ಇನ್ನೂ ಬೆಚ್ಚಗಿದೆಯೆಂದೇ ಅದು ಸಾರುತ್ತಿರುತ್ತದೆ. ಅದರ ಮಾತನ್ನು ನಂಬಿ ಯಂತ್ರವು ದುಡಿಯುತ್ತಲೇ ಇರುತ್ತದೆ. ತುಂಬಿದ ಫ್ರಿಜ್ಜು ಕರೆಂಟು ತಿನ್ನುವುದು ಹೀಗೆ. ಒಮ್ಮೆ ತಣ್ಣಗಾದ ಪದಾರ್ಥವನ್ನು ತಣ್ಣಗೆ ಉಳಿಸಿಕೊಳ್ಳಲು ಪ್ರತ್ಯೇಕ ವೆಚ್ಚವಿಲ್ಲ. ಗೋಡೆಗಳಿಂದಲೂ ಬಾಗಿಲಿನ ರಬ್ಬರಿನಂಚಿನಿಂದಲೂ ಒಳನುಸುಳುವ ಶಾಖವು, ಒಳಗೆ ಹತ್ತು ಡಬ್ಬಿಯಿರಲಿ ಒಂದೂ ಇಲ್ಲದಿರಲಿ, ಹೆಚ್ಚುಕಡಿಮೆ ಅಷ್ಟೇ.

ದಾರಿ ಕಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಕಂಡುಕೊಂಡ ಉಪಾಯ ಎರಡು. ಬಾಗಿಲು ತೆರೆದೊಡನೆ ಫ್ಯಾನು ನಿಲ್ಲುವ ಫ್ರಿಜ್ಜಾದರೆ, ಕಂಪ್ರೆಸರು ಓಡುತ್ತಿರುವಾಗ ಬಾಗಿಲ ಚೌಕಟ್ಟಿನಲ್ಲಿರುವ ಸ್ವಿಚ್ಚನ್ನು ಬೆರಳಿನಿಂದ ಒತ್ತಿಹಿಡಿದು, ತೆಳುವಾದ ಕಾಗದದ ಎಳೆಯೊಂದನ್ನು ಕಿಂಡಿಯ ಮುಂದೆ ಹಿಡಿಯಬೇಕು. ಅದು ಅಲುಗಾಡಿದರೆ ಗಾಳಿ ಹೊರಡುತ್ತಿದೆ ಎಂದರ್ಥ. ಆಮೇಲೆ ಅದೇ ಎಳೆಯನ್ನು ಪಾತ್ರೆಗಳ ಮುಂಬದಿಗೆ ತಂದು ನೋಡಿದರೆ ಎಲ್ಲಿಯವರೆಗೆ ಗಾಳಿ ಬರುತ್ತಿದೆಯೆಂಬ ಅಂದಾಜು ದೊರೆಯುತ್ತದೆ. ಇನ್ನೊಂದು ಉಪಾಯ ನಿಧಾನದ್ದು, ಆದರೆ ಹೆಚ್ಚು ನಂಬಬಹುದಾದದ್ದು: ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ಮುಳುಗಿಸಿ ರಾತ್ರಿಯೆಲ್ಲ ನಡುವಿನ ಅಂತಸ್ತಿನಲ್ಲಿಟ್ಟು ಬೆಳಗ್ಗೆ ನೋಡುವುದು, ಮರುರಾತ್ರಿ ಅದನ್ನೇ ಬಾಗಿಲಿನಲ್ಲಿಡುವುದು. ಬಾಗಿಲು ಯಾವಾಗಲೂ ತುಸು ಬೆಚ್ಚಗೇ ಇರುತ್ತದೆ. ಆದರೆ ಎರಡರ ಅಂತರ ಐದಾರು ಡಿಗ್ರಿಗೆ ಏರಿದರೆ ಸಾಮಾನು ಅಡ್ಡ ಬಂದಿದೆಯೆಂದೇ ನಾನು ತಿಳಿಯುತ್ತೇನೆ. ಹಬ್ಬದ ಮಾರನೆಯ ದಿನ ಹಿಂಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಪಾತ್ರೆಗಳನ್ನು ಸರಿಸಿದೆವು, ಅಷ್ಟೆ; ಒಂದು ಡಬ್ಬಿಯನ್ನೂ ಹೊರಗೆ ತೆಗೆಯದೆ ಕಂಪ್ರೆಸರು ಮತ್ತೆ ನಿಂತು ನಿಂತು ಓಡತೊಡಗಿತು.

ಫ್ಯಾನಿಲ್ಲದ ಒಂಟಿ ಬಾಗಿಲಿನ ಹಳೆಯ ಫ್ರಿಜ್ಜುಗಳಲ್ಲಿ ತಣ್ಣನೆಯ ಗಾಳಿ ತನ್ನ ಭಾರದಿಂದಲೇ ಕೆಳಗಿಳಿಯುವುದರಿಂದ, ಕಂಬಿಯ ಅಂತಸ್ತುಗಳ ಮೇಲೆ ಅಂದಕ್ಕಾಗಿ ಪ್ಲಾಸ್ಟಿಕ್ ಹಾಳೆಯನ್ನೋ ವೃತ್ತಪತ್ರಿಕೆಯನ್ನೋ ಹಾಸುವ ನಮ್ಮ ಜನರ ಪದ್ಧತಿಯೊಂದೇ ತರಕಾರಿ ಬುಟ್ಟಿಯನ್ನು ಬಾಡಿಸಲು ಸಾಕು.

ಇನ್ನು ಭಾವನವರ ಪಕ್ಷ. ನಾವಿಬ್ಬರೇ ಉಳಿದಾಗ ಅರ್ಧ ಲೀಟರು ಹಾಲು, ಒಂದು ಡಬ್ಬಿ ಹಿಟ್ಟು, ನಾಲ್ಕು ನಿಂಬೆಹಣ್ಣು ಇಷ್ಟೇ ಇದ್ದ ಫ್ರಿಜ್ಜನ್ನು ಕಂಡು, “ಬಾಗಿಲು ತೆಗೆದಾಗಲೆಲ್ಲ ತಣ್ಣನೆ ಗಾಳಿಯೆಲ್ಲ ಹೊರಟು ಹೋಗುತ್ತೆ ಭಾವ, ನೀರಿನ ಬಾಟಲಿ ತುಂಬಿಸಿಡಿ” ಎಂದು ಅವರು ಉಪದೇಶಿಸಿದರು. ಮಾತು ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ಅದರ ಗಾತ್ರ ತಿಳಿಯುತ್ತದೆ. 250 ಲೀಟರು ಗಾಳಿಯ ತೂಕ ಸುಮಾರು 300 ಗ್ರಾಂ. ಅದಷ್ಟನ್ನೂ 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖವು, ಮುಕ್ಕಾಲು ಕಾಫಿ ಲೋಟದಷ್ಟು ನೀರನ್ನು ಅಷ್ಟೇ ತಣ್ಣಗಾಗಿಸಲು ಬೇಕಾದುದಕ್ಕಿಂತ ಹೆಚ್ಚಿಲ್ಲ; ಮಳೆಗಾಲದ ಗಾಳಿಯ ತೇವಾಂಶವು ಒಳಗೆ ನೀರಾಗುವಾಗ ಬಿಡುವ ಶಾಖವನ್ನು ಸೇರಿಸಿದರೆ ಇದು ಎರಡರಷ್ಟಾಗಬಹುದು. ದಿನಕ್ಕೆ ಇಪ್ಪತ್ತು ಬಾರಿ ಬಾಗಿಲು ತೆರೆದು, ಪ್ರತಿ ಸಲವೂ ಒಳಗಿನ ಗಾಳಿಯೆಲ್ಲವೂ ಬದಲಾಯಿತೆಂದೇ ಇಟ್ಟುಕೊಂಡರೂ, ಅರ್ಧ ಫ್ರಿಜ್ಜನ್ನು ಬಾಟಲಿಗಳಿಂದ ತುಂಬಿ ಉಳಿಸಬಹುದಾದ ವಿದ್ಯುತ್ತು ತಿಂಗಳಿಗೆ ಒಂದು ಯೂನಿಟ್ಟಿನ ಆಸುಪಾಸು. ಆ ಬಾಟಲಿಗಳ ನೀರನ್ನು ಕುಡಿದು ಮತ್ತೆ ನಲ್ಲಿಯ ನೀರು ತುಂಬಿಸಿಟ್ಟರಂತೂ, ದಿನಕ್ಕೆ ಎರಡು ಲೀಟರಿನ ಹೊಸ ನೀರನ್ನು ತಣ್ಣಗಾಗಿಸುವುದರಲ್ಲೇ ಆ ಉಳಿತಾಯ ಕರಗಿಹೋಗುತ್ತದೆ.

ಹಾಗೆಂದು ಬಾಟಲಿಗಳು ವ್ಯರ್ಥವೆಂದಲ್ಲ. ಒಳಗೆ ತಣ್ಣನೆಯ ತೂಕವಿದ್ದಷ್ಟೂ ಉಷ್ಣತೆ ಏರಿಳಿಯುವುದು ನಿಧಾನ. ಕರೆಂಟು ಹೋದಾಗ ಈ ಗುಣವೇ ಕೆಲಸಕ್ಕೆ ಬರುತ್ತದೆ, ಅದರಲ್ಲಿಯೂ ಫ್ರೀಜರಿನಲ್ಲಿ: ಒಂದು ಕಿಲೋ ಮಂಜುಗಡ್ಡೆಯು ಕರಗುವಾಗ ಹೀರುವ ಶಾಖವು, ಒಂದು ಲೀಟರು ನೀರು 5 ಡಿಗ್ರಿಯಿಂದ 30 ಡಿಗ್ರಿಗೆ ಏರುವಾಗ ಹೀರುವುದರ ಮೂರರಷ್ಟಿದೆ. ಆದುದರಿಂದ ಬೇಸಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಕಡಿಯುವ ಊರಿನವರು ಒಂದೆರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ, ನೀರು ಹೆಪ್ಪುಗಟ್ಟುವಾಗ ಹಿಗ್ಗುವುದಕ್ಕೆ ಕತ್ತಿನಷ್ಟು ಜಾಗ ಬಿಟ್ಟು ನೀರು ತುಂಬಿ, ಗಾಳಿಯ ಕಿಂಡಿಗೆ ಅಡ್ಡವಾಗದಂತೆ ಫ್ರೀಜರಿನಲ್ಲಿಟ್ಟುಕೊಳ್ಳಲಿ. ಕರೆಂಟು ಸರಿಯಾಗಿರುವ ಊರಿನಲ್ಲಿ, ಇಬ್ಬರೇ ಇರುವ ಮನೆಯ ಫ್ರಿಜ್ಜು ಬರಿದಾಗಿದ್ದರೆ ಬರಿದಾಗಿಯೇ ಇರಬಹುದು.