ಲಿಂಕ್‌ಗೆ ಪದ ಆರಿಸುವುದು ಹೇಗೆ?

ಒಂದು ಲೇಖನದಿಂದ ಅದೇ ವೆಬ್‌ಸೈಟಿನ ಇನ್ನೊಂದು ಲೇಖನಕ್ಕೆ ಲಿಂಕ್ ಕೊಡುವಾಗ ಓದುಗರು ಒತ್ತುವ ಪದಗಳಿಗೆ ಆಂಕರ್ ಟೆಕ್ಸ್ಟ್ ಎನ್ನುತ್ತಾರೆ. ಆ ಪುಟದಲ್ಲಿ ಏನಿದೆ ಎಂಬ ಸುಳಿವು ಓದುಗರಿಗೂ ಗೂಗಲ್‌ಗೂ ಮೊದಲು ಸಿಗುವುದು ಈ ಪದಗಳಲ್ಲಿ. ತೋಟಗಾರಿಕೆಯ ಸೈಟೊಂದರಲ್ಲಿ ಬೋರ್ಡೋ ದ್ರಾವಣ ತಯಾರಿಸುವ ಪುಟವಿದೆ, ಅದಕ್ಕೆ ಮೂರು ಲೇಖನಗಳಿಂದ ಲಿಂಕ್ ಕೊಡಬೇಕು ಎಂದುಕೊಳ್ಳೋಣ.

1. ಪುಟದ ಉತ್ತರವನ್ನು ಗುರುತಿಸಿ

ಲಿಂಕ್ ತಲುಪುವ ಪುಟ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಇಲ್ಲಿ ಅದು: ‘ಮೈಲುತುತ್ತ, ಸುಣ್ಣ, ನೀರನ್ನು ಎಷ್ಟೆಷ್ಟು, ಹೇಗೆ ಬೆರೆಸಬೇಕು?’ ‘ಇಲ್ಲಿ ಕ್ಲಿಕ್ ಮಾಡಿ’, ‘ಇನ್ನಷ್ಟು ಓದಿ’ ಎಂಬ ಪದಗಳಲ್ಲಿ ಇದರ ಸುಳಿವೇ ಇಲ್ಲ.

2. ಓದುಗರ ಅಗತ್ಯ ನೋಡಿ ಪದ ಬದಲಿಸಿ

ಮೂರೂ ಕಡೆ ‘ಬೋರ್ಡೋ ದ್ರಾವಣ’ ಎಂದೇ ಬರೆಯುವುದು ಸುಲಭ. ಆದರೆ ಮೂರು ಲೇಖನಗಳ ಓದುಗರು ಅಲ್ಲಿಗೆ ಬರುವ ಕಾರಣ ಬೇರೆ ಬೇರೆ. ಆ ಕಾರಣವೇ ಹೊಸ ಪದ ಕೊಡುತ್ತದೆ.

- ಅಡಿಕೆ ಕೊಳೆರೋಗದ ಲೇಖನದಲ್ಲಿ: ‘ಶೇ 1ರ ಬೋರ್ಡೋ ದ್ರಾವಣ ತಯಾರಿಸುವ ಕ್ರಮ’
- ಕಾಳುಮೆಣಸಿನ ಸೊರಗು ರೋಗದ ಲೇಖನದಲ್ಲಿ: ‘ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ’
- ಮಳೆಗಾಲದ ಮುಂಚಿನ ತೋಟದ ಕೆಲಸಗಳ ಲೇಖನದಲ್ಲಿ: ‘ಮೈಲುತುತ್ತ, ಸುಣ್ಣ ಬೆರೆಸುವ ವಿಧಾನ’

ಬದಲಾವಣೆಗೂ ಮಿತಿಯಿದೆ. ಆ ಪುಟದಲ್ಲಿ ಇಲ್ಲದ್ದನ್ನು ಲಿಂಕ್ ಹೇಳಬಾರದು. ಬಳ್ಳಿಗೆ ಸಿಂಪಡಿಸುವ ದ್ರಾವಣದ ಅಳತೆ ಅಲ್ಲಿಲ್ಲದಿದ್ದರೆ ಎರಡನೆಯದನ್ನು ಬಳಸುವಂತಿಲ್ಲ. ಮೆನುವಿನಲ್ಲಿ ಮಾತ್ರ ಎಲ್ಲ ಪುಟಗಳಲ್ಲೂ ಒಂದೇ ಹೆಸರು ಇರಲಿ.

3. ಕೀವರ್ಡ್ ತುರುಕಬೇಡಿ

‘ಅಡಿಕೆ ಕೊಳೆರೋಗ ಔಷಧಿ ಬೋರ್ಡೋ ದ್ರಾವಣ ತಯಾರಿ ಅಡಿಕೆ ಔಷಧಿ’ ಎಂಬುದು ಯಾರೂ ಆಡುವ ಮಾತಲ್ಲ. ಗೂಗಲ್‌ನ ನಿಯಮಗಳೂ ಹೀಗೆ ತುರುಕುವುದನ್ನು ಸ್ಪ್ಯಾಮ್ ಎನ್ನುತ್ತವೆ. ಇದನ್ನು ಗುರುತಿಸಲು ವಾಕ್ಯವನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಲಿಂಕಿನ ಪದಗಳನ್ನಷ್ಟೇ ತಿದ್ದದೆ ಇಡೀ ವಾಕ್ಯವನ್ನೇ ಹೊಸದಾಗಿ ಬರೆಯಿರಿ.

4. ಪ್ರತ್ಯಯವನ್ನು ಹೊರಗೆ ಬಿಡಬೇಡಿ

‘ದ್ರಾವಣವನ್ನು’ ಎಂಬಲ್ಲಿ ‘ದ್ರಾವಣ’ಕ್ಕಷ್ಟೇ ಲಿಂಕ್ ಕೊಟ್ಟರೆ ಪದ ಅರ್ಧದಲ್ಲಿ ಬಣ್ಣ ಬದಲಿಸಿ ಓದಿಗೆ ಅಡ್ಡಿಯಾಗುತ್ತದೆ. ಪ್ರತ್ಯಯ ಸೇರಿದ ಇಡೀ ಪದವನ್ನು ಆರಿಸಿ. ಎರಡು ಲಿಂಕ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ಅವು ಒಂದೇ ಲಿಂಕಿನಂತೆ ಕಾಣುತ್ತವೆ, ಹಾಗಾಗಿ ನಡುವೆ ಮಾತಿರಲಿ.

5. ಲಿಂಕ್‌ಗಳನ್ನಷ್ಟೇ ಓದಿ ನೋಡಿ

ದೃಷ್ಟಿದೋಷವಿರುವ ಹಲವರು ಸ್ಕ್ರೀನ್ ರೀಡರ್‌ನಲ್ಲಿ ಪುಟದ ಲಿಂಕ್‌ಗಳ ಪಟ್ಟಿಯನ್ನಷ್ಟೇ ಕೇಳುತ್ತಾರೆ. NVDA ತಂತ್ರಾಂಶದಲ್ಲಿ Insert + F7 ಒತ್ತಿದರೆ ಆ ಪಟ್ಟಿ ತೆರೆಯುತ್ತದೆ. ಅದನ್ನು ಓದುವಾಗ ಎರಡು ತಪ್ಪು ಹುಡುಕಿ: ಸುತ್ತಲಿನ ವಾಕ್ಯವಿಲ್ಲದೆ ಅರ್ಥವಾಗದ ಲಿಂಕ್, ಮತ್ತು ಒಂದೇ ಪದ ಎರಡು ಬೇರೆ ಪುಟಗಳಿಗೆ ಹೋಗುವುದು. ‘ರೋಗದ ಲಕ್ಷಣಗಳು’ ಎಂಬುದು ಒಮ್ಮೆ ಅಡಿಕೆಗೆ, ಇನ್ನೊಮ್ಮೆ ಮೆಣಸಿಗೆ ಹೋಗುತ್ತಿದ್ದರೆ ಬೆಳೆಯ ಹೆಸರು ಸೇರಿಸಿದರೆ ಸಾಕು.